ಬಿಸಿಸಿ, ಎಫ್‌ಸಿಸಿ ಲೆಕ್ಕ: ಪ್ಯಾಕಿಂಗ್ ಫ್ಯಾಕ್ಟರ್ ಮತ್ತು ಸಾಂದ್ರತೆಯನ್ನು ತಪ್ಪಿಲ್ಲದೆ ಮಾಡುವ ಕ್ರಮ

ಹೋದ ವಾರ ಹಾಸನದ ನನ್ನ ಟ್ಯೂಷನ್‌ನಲ್ಲಿ ಒಂದು ಸಣ್ಣ ಪರೀಕ್ಷೆ ಇಟ್ಟಿದ್ದೆ. ಪ್ರಶ್ನೆ ಒಂದೇ. ತಾಮ್ರದ ರಚನೆ ಎಫ್‌ಸಿಸಿ, ಪರಮಾಣುವಿನ ತ್ರಿಜ್ಯ 0.128 ನ್ಯಾನೊಮೀಟರ್, ಹಾಗಾದರೆ ಸಾಂದ್ರತೆ ಎಷ್ಟು? ಅರಕಲಗೂಡಿನಿಂದ ಬಸ್ಸಿನಲ್ಲಿ ಬರುವ ಹುಡುಗನೊಬ್ಬ ಎಲ್ಲರಿಗಿಂತ ಮೊದಲು ಹಾಳೆ ಕೊಟ್ಟ. ಘನ ಸೆಂಟಿಮೀಟರಿಗೆ 25.16 ಗ್ರಾಂ ಎಂದು ಬರೆದಿದ್ದ. ಸಾಂದ್ರತೆಯ ಸೂತ್ರ ಸರಿಯಿತ್ತು, ಗುಣಾಕಾರ ಭಾಗಾಕಾರ ಕೂಡ ಸರಿಯಿತ್ತು. ಆದರೆ ಧಾತುಗಳಲ್ಲೆಲ್ಲ ಹೆಚ್ಚು ಸಾಂದ್ರತೆ ಇರುವ ಆಸ್ಮಿಯಂ ಕೂಡ 22.6ರ ಆಸುಪಾಸಿನಲ್ಲಿ ನಿಲ್ಲುತ್ತದೆ. ತಾಮ್ರ ಅದನ್ನು ಮೀರಿಸುವುದು ಹೇಗೆ?

"ಎಲ್ಲಿಂದ ಬಂತಪ್ಪಾ ಇದು?" ಅಂದೆ.

"ಸರ್, ಮೂಲೆಯಲ್ಲಿ ಎರಡು ಪರಮಾಣು ಅಕ್ಕಪಕ್ಕ ಇರ್ತಾವಲ್ವಾ, ಅದಕ್ಕೆ a = 2r ಅಂತ ಹಾಕಿದೆ."

ಆವತ್ತಿನ ಹಾಳೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಘನದ ಅಂಚು ತ್ರಿಜ್ಯದ ಎರಡು ಪಟ್ಟು ಎನ್ನುವ ಇದೇ ಸಾಲು ಇತ್ತು. ಮೂಲೆಗಳ ಜೊತೆ ಘನದ ನಟ್ಟನಡುವೆ ಒಂದು ಪರಮಾಣು ಇರುವ ಬಿಸಿಸಿಗೂ a = 2r, ಮೂಲೆಗಳ ಜೊತೆ ಆರು ಮುಖಗಳ ಮಧ್ಯೆಯೂ ಪರಮಾಣು ಇರುವ ಎಫ್‌ಸಿಸಿಗೂ a = 2r. ಹೋದ ವರ್ಷವೂ ಇದೇ ಕಥೆ. ಅದಕ್ಕೇ ಇಡೀ ಲೆಕ್ಕವನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ. ಮೂರನೇ ಹಂತವನ್ನು ಮಾತ್ರ ದಯವಿಟ್ಟು ಓಡಿಸಿ ಓದಬೇಡಿ.

## ಏನೇನು ಬೇಕು

ಪೆನ್ಸಿಲ್, ಸ್ಕೇಲು, ಸೈಂಟಿಫಿಕ್ ಕ್ಯಾಲ್ಕುಲೇಟರ್. ಇಷ್ಟೇ. ಸ್ಕೇಲು ಯಾಕೆಂದರೆ ಚಿತ್ರ ಬರೆಯಲೇಬೇಕು. ಮನಸ್ಸಿನಲ್ಲೇ ಘನ ಕಲ್ಪಿಸಿಕೊಳ್ಳುತ್ತೇನೆ ಎನ್ನುವವರೇ a = 2r ಬರೆಯುವುದು.

ಅಕ್ಷರಗಳ ಅರ್ಥ ಮೊದಲೇ ಹೇಳಿಬಿಡುತ್ತೇನೆ. ಲೋಹದೊಳಗೆ ಮತ್ತೆ ಮತ್ತೆ ಬರುವ ಪುಟ್ಟ ಘನವೇ ಯೂನಿಟ್ ಸೆಲ್, a ಅಂದರೆ ಅದರ ಅಂಚಿನ ಉದ್ದ. r ಅಂದರೆ ಪರಮಾಣುವಿನ ತ್ರಿಜ್ಯ. n ಅಂದರೆ ಒಂದು ಸೆಲ್‌ನ ಪಾಲಿಗೆ ಬರುವ ಪರಮಾಣುಗಳ ಸಂಖ್ಯೆ. M ಅಂದರೆ ಒಂದು ಮೋಲ್‌ನ ತೂಕ, ಗ್ರಾಂಗಳಲ್ಲಿ. N ಅಂದರೆ ಅವೊಗಾಡ್ರೊ ಸಂಖ್ಯೆ, 6.022 × 10²³. ಸಾಂದ್ರತೆಗೆ ρ.

ಲೆಕ್ಕದ ನಡುವೆ ನಾಲ್ಕು ದಶಮಾಂಶ ಉಳಿಸಿಕೊಳ್ಳಿ, ಕೊನೆಯಲ್ಲಿ ಎರಡಕ್ಕೆ ಇಳಿಸಿ. a ಅನ್ನು ಘನ ಮಾಡುವುದರಿಂದ, ಅದರಲ್ಲಿ ಶೇಕಡಾ 1ರಷ್ಟು ತಪ್ಪಿದರೆ ಸಾಂದ್ರತೆಯಲ್ಲಿ ಹತ್ತಿರ ಹತ್ತಿರ ಶೇಕಡಾ 3ರಷ್ಟು ತಪ್ಪುತ್ತದೆ.

## 1. ಕೊಟ್ಟಿರುವುದು r ಅಥವಾ a, ಗುರುತು ಹಾಕಿ

ಪ್ರಶ್ನೆ ಓದಿದ ಕೂಡಲೇ ಎರಡು ವಿಷಯಕ್ಕೆ ಅಡಿಗೆರೆ ಎಳೆಯಿರಿ: ರಚನೆ ಯಾವುದು, ಮತ್ತು ಕೊಟ್ಟಿರುವ ಉದ್ದ ಯಾವುದು. 'ತ್ರಿಜ್ಯ' ಎಂದಿದ್ದರೆ ಅದು r. 'ಅಂಚಿನ ಉದ್ದ' ಅಥವಾ 'ಲ್ಯಾಟಿಸ್ ಪ್ಯಾರಾಮೀಟರ್' ಎಂದಿದ್ದರೆ ಅದು a. ಕೆಲವೊಮ್ಮೆ ಬೇಕೆಂದೇ 'ವ್ಯಾಸ' ಕೊಡುತ್ತಾರೆ, ಆಗ ಅರ್ಧ ಮಾಡಿಕೊಳ್ಳಿ.

a ಕೊಟ್ಟಿದ್ದು ಸಾಂದ್ರತೆ ಮಾತ್ರ ಕೇಳಿದ್ದರೆ ನಿಮಗೆ r ಬೇಕಾಗಿಯೇ ಇಲ್ಲ. ಮೂರನೇ, ನಾಲ್ಕನೇ ಹಂತ ಬಿಟ್ಟು ನೇರ ಐದಕ್ಕೆ ಹೋಗಬಹುದು. ಸುಮ್ನೆ r ಕಂಡುಹಿಡಿದು, ಅದರಿಂದ ಮತ್ತೆ a ಕಂಡುಹಿಡಿಯುವವರನ್ನೂ ನೋಡಿದ್ದೇನೆ.

## 2. ಸೆಲ್‌ನ ಪಾಲಿಗೆ ಬರುವ ಪರಮಾಣುಗಳನ್ನು ಎಣಿಸಿ

ಚಿತ್ರದಲ್ಲಿ ಕಾಣುವ ಚುಕ್ಕೆಗಳನ್ನು ಎಣಿಸಿದರೆ ಬಿಸಿಸಿಯಲ್ಲಿ 9, ಎಫ್‌ಸಿಸಿಯಲ್ಲಿ 14 ಬರುತ್ತದೆ. ಎರಡೂ ತಪ್ಪು. ಹೆಚ್ಚಿನ ಚುಕ್ಕೆಗಳು ಅಕ್ಕಪಕ್ಕದ ಸೆಲ್‌ಗಳ ಜೊತೆ ಹಂಚಿಕೊಂಡವು.

ಹಾಸ್ಟೆಲ್ ಮೆಸ್ಸಿನ ರಾಗಿ ಮುದ್ದೆ ನೆನಪು ಮಾಡಿಕೊಳ್ಳಿ. ಗುಂಡಗಿನ ಮುದ್ದೆಯನ್ನು ದಾರದಿಂದ ನಡುವೆ ಒಮ್ಮೆ ಕತ್ತರಿಸಿದರೆ ಎರಡು ಹೋಳು. ಸೆಲ್‌ನ ಒಂದು ಮುಖದ ಮಧ್ಯೆ ಕೂತ ಪರಮಾಣು ಹೀಗೇ: ಅರ್ಧ ಈ ಸೆಲ್‌ಗೆ, ಅರ್ಧ ಪಕ್ಕದ ಸೆಲ್‌ಗೆ. ಈಗ ಅದೇ ಮುದ್ದೆಯನ್ನು ಇನ್ನೆರಡು ಸಲ, ಒಂದಕ್ಕೊಂದು ಅಡ್ಡವಾಗಿ ಕತ್ತರಿಸಿ. ಎಂಟು ಸಮ ಹೋಳು. ಸೆಲ್‌ನ ಮೂಲೆಯಲ್ಲಿ ಕೂತ ಪರಮಾಣುವಿಗೆ ಮೂರು ಮುಖಗಳೂ ಹೀಗೆ ಮೂರು ಕಡೆಯಿಂದ ಬೀಳುತ್ತವೆ. ಅದಕ್ಕೇ ಮೂಲೆಯದರ ಪಾಲು 1/8.

```
BCC : n = 8 × (1/8) + 1          = 2
FCC : n = 8 × (1/8) + 6 × (1/2)  = 4
```

ಬಿಸಿಸಿಯ ಒಳಗಿನ ಒಂದು ಪರಮಾಣುವನ್ನು ಯಾರ ಜೊತೆಗೂ ಹಂಚಿಕೊಳ್ಳುವ ಹಾಗಿಲ್ಲ, ಅದು ಪೂರ್ತಿ ನಮ್ಮದು. ಎಫ್‌ಸಿಸಿಯಲ್ಲಿ ಒಳಗೆ, ನಟ್ಟನಡುವೆ, ಏನೂ ಇಲ್ಲ. ಅಲ್ಲಿ ಖಾಲಿ ಜಾಗ ಕಂಡು ಒಂದು ಪರಮಾಣು ಇಟ್ಟು n = 5 ಮಾಡುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ.

## 3. ಪರಮಾಣುಗಳು ಯಾವ ಗೆರೆಯ ಮೇಲೆ ಮುಟ್ಟಿಕೊಂಡಿವೆ?

ಸೋಲುವುದು ಇಲ್ಲೇ. ಪರಮಾಣುಗಳನ್ನು ಗಟ್ಟಿ ಗೋಲಿಗಳು ಎಂದುಕೊಳ್ಳುತ್ತೇವೆ. ಒಂದಕ್ಕೊಂದು ಮುಟ್ಟಬಹುದು, ಒಂದರೊಳಗೊಂದು ನುಗ್ಗುವಂತಿಲ್ಲ. a ಮತ್ತು r ನಡುವಿನ ಸಂಬಂಧ ಬರುವುದು ಅವು ಮುಟ್ಟಿಕೊಂಡಿರುವ ಗೆರೆಯಿಂದ ಮಾತ್ರ. ಬೇರೆ ಗೆರೆಯ ಮೇಲೆ ನಡುವೆ ಸಂದು ಇರುತ್ತದೆ, ಆ ಸಂದು ಎಷ್ಟು ಅಂತ ನಮಗೆ ಮೊದಲೇ ಗೊತ್ತಿರುವುದಿಲ್ಲ.

ಅರಕಲಗೂಡಿನ ಹುಡುಗನ ಮಾತನ್ನೇ ಒಂದು ಕ್ಷಣ ಒಪ್ಪಿ ನೋಡೋಣ. ಬಿಸಿಸಿಯಲ್ಲಿ ಮೂಲೆಯ ಪರಮಾಣುಗಳು ಅಂಚಿನುದ್ದಕ್ಕೂ ಮುಟ್ಟಿಕೊಂಡಿವೆ, a = 2r. ಹಾಗಾದರೆ ಕೆಳಗಿನ ಒಂದು ಮೂಲೆಯಿಂದ ಮೇಲಿನ ಎದುರು ಮೂಲೆಗೆ, ಸೆಲ್‌ನ ಒಳಗಿನಿಂದ ಹೋಗುವ ಕರ್ಣ √3 × a, ಅಂದರೆ 3.46r. ಈ ಗೆರೆಯ ಎರಡು ತುದಿಗಳಲ್ಲಿ ಮೂಲೆಯ ಪರಮಾಣುಗಳು ಒಂದೊಂದು r ತಿನ್ನುತ್ತವೆ. ಉಳಿದದ್ದು 1.46r. ಮಧ್ಯದಲ್ಲಿ ಕೂರಬೇಕಾದ ಪರಮಾಣುವಿನ ಅಗಲ 2r. ಹಿಡಿಯುವುದಿಲ್ಲ!

ಹಾಗಾಗಿ ಮಧ್ಯದವನು ಕೂರಬೇಕಾದರೆ ಮೂಲೆಯವರು ಒಬ್ಬರಿಗೊಬ್ಬರು ದೂರ ಸರಿಯಲೇಬೇಕು. ನಾಲ್ಕು ಜನ ಕೂತ ಸೀಟಿಗೆ ಐದನೆಯವರು ಬಂದಾಗ ಹಾಸನ–ಬೇಲೂರು ಬಸ್ಸಿನಲ್ಲಿ ಆಗುವುದೂ ಇದೇ. ಎಷ್ಟು ಸರಿಯಬೇಕು? ಮಧ್ಯದ ಪರಮಾಣು ಎಂಟೂ ಮೂಲೆಗಳನ್ನು ಸರಿಯಾಗಿ ಮುಟ್ಟುವಷ್ಟು. ಆಗ ಆ ಒಳಗಿನ ಕರ್ಣದ ಮೇಲೆ ಮೂಲೆಯದು r, ಮಧ್ಯದ್ದು 2r, ಇನ್ನೊಂದು ಮೂಲೆಯದು r, ಒಟ್ಟು 4r.

```
BCC : √3 a = 4r    ⇒   a = 4r/√3 = 2.3094 r
```

ಎಫ್‌ಸಿಸಿಗೂ ಇದೇ ಪ್ರಶ್ನೆ ಕೇಳಿ. ಇಲ್ಲಿ ಹೊಸಬರು ಕೂತಿರುವುದು ಮುಖಗಳ ಮಧ್ಯೆ. ಒಂದು ಮುಖದ ಕರ್ಣ √2 × a. a = 2r ಅಂದುಕೊಂಡರೆ ಅದು 2.83r. ಎರಡು ಮೂಲೆಗಳು 2r ತಿಂದ ಮೇಲೆ ಉಳಿಯುವುದು 0.83r. 2r ಅಗಲದ ಪರಮಾಣು ಅಲ್ಲಿ ಕೂರುವ ಮಾತೇ ಇಲ್ಲ. ಮುಖದ ಕರ್ಣವೇ 4r ಆಗುವವರೆಗೆ ಸೆಲ್ ಹಿಗ್ಗಬೇಕು.

```
FCC : √2 a = 4r    ⇒   a = 4r/√2 = 2√2 r = 2.8284 r
```

ಈ ಎರಡು ಸಾಲನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ √2 ಎಲ್ಲಿ, √3 ಎಲ್ಲಿ ಎಂದು ಅದಲುಬದಲು ಮಾಡುತ್ತಾರೆ. ಅದರ ಬದಲು 'ಹೆಚ್ಚುವರಿ ಪರಮಾಣು ಎಲ್ಲಿ ಕೂತಿದೆ' ಎಂದು ಕೇಳಿಕೊಳ್ಳಿ. ಒಳಗೆ ಕೂತಿದ್ದರೆ ಒಳಗಿನ ಕರ್ಣ, √3. ಮುಖದ ಮೇಲೆ ಕೂತಿದ್ದರೆ ಮುಖದ ಕರ್ಣ, √2.

ಚಿತ್ರ ಹೇಗೆ ಬರೆಯಬೇಕು? ಇಡೀ ಘನ ಬರೆಯಬೇಡಿ, ಗೆರೆಗಳ ಗೋಜಲಿನಲ್ಲಿ ಏನೂ ಕಾಣುವುದಿಲ್ಲ. ಎಫ್‌ಸಿಸಿಗೆ ಒಂದು ಚೌಕ ಸಾಕು: ನಾಲ್ಕು ಮೂಲೆಗೆ ಕಾಲು ವೃತ್ತ, ಮಧ್ಯೆ ಪೂರ್ತಿ ವೃತ್ತ, ಕರ್ಣದ ಮೇಲೆ ಮುಟ್ಟಿಕೊಂಡಿರಲಿ. ಅಂಚಿನ ಮೇಲೆ ಸಂದು ತಾನಾಗಿ ಕಾಣುತ್ತದೆ. ಬಿಸಿಸಿಗೆ ಚೌಕ ಬರೆದರೆ ಮಧ್ಯದ ಪರಮಾಣು ಆ ಮುಖದಲ್ಲಿ ಸಿಗುವುದೇ ಇಲ್ಲ. ಸೆಲ್ಲನ್ನು ಬ್ರೆಡ್ ಸ್ಯಾಂಡ್‌ವಿಚ್ ಹಾಗೆ ಮೇಲಿನಿಂದ ಕೆಳಗೆ ಓರೆಯಾಗಿ ಸೀಳಿದಾಗ ಸಿಗುವ ಆಯತ ಬರೆಯಬೇಕು. ಅದರ ಎತ್ತರ a, ಅಗಲ √2 a. ಎತ್ತರ 5 ಸೆಂಟಿಮೀಟರ್ ಇಟ್ಟರೆ ಅಗಲ ಸುಮಾರು 7.1 ಸೆಂಟಿಮೀಟರ್. ಆ ಆಯತದ ಕರ್ಣದ ಮೇಲೆ ಮೂರು ಪರಮಾಣು ಸಾಲಾಗಿ ನಿಲ್ಲುತ್ತವೆ.

ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಒಪ್ಪವಾಗಿ ಜೋಡಿಸಿದ ಮೂಸಂಬಿ ರಾಶಿ ತೋರಿಸಿ 'ಇದೇ ಎಫ್‌ಸಿಸಿ' ಎಂದು ಹೇಳುವ ರೂಢಿ ಇದೆ. ಕೆಳಗಿನ ಸಾಲು ಚೌಕವಾಗಿದ್ದು, ಪ್ರತಿ ಹಣ್ಣೂ ಕೆಳಗಿನ ನಾಲ್ಕು ಹಣ್ಣುಗಳ ಗುಳಿಯಲ್ಲಿ ಕೂತಿದ್ದರೆ ಅದು ನಿಜವೇ. ಆದರೆ ಆ ರಾಶಿಯಲ್ಲಿ ನಮ್ಮ ಘನ ಓರೆಯಾಗಿ ಅಡಗಿರುತ್ತದೆ. ಕೆಳಸಾಲಿನಲ್ಲಿ ಕಾಣುವ ಪುಟ್ಟ ಚೌಕದ ಬದಿ 2r, ಅದು a ಅಲ್ಲ. a = 2r ಎಂಬ ಭ್ರಮೆ ಹುಟ್ಟಲು ಇದೂ ಒಂದು ಕಾರಣ ಎಂದು ನನ್ನ ಅನುಮಾನ. ಲೆಕ್ಕ ಪಕ್ಕಾ ಆಗುವವರೆಗೆ ಮೂಸಂಬಿಯನ್ನು ತಿನ್ನಲು ಮಾತ್ರ ಬಳಸಿ.

## 4. ಪ್ಯಾಕಿಂಗ್ ಫ್ಯಾಕ್ಟರ್

ಸೆಲ್‌ನ ಒಟ್ಟು ಜಾಗದಲ್ಲಿ ಪರಮಾಣುಗಳು ತುಂಬಿರುವ ಭಾಗ ಎಷ್ಟು ಎಂಬುದೇ ಇದು. ಮೇಲೆ ಪರಮಾಣುಗಳ ಗಾತ್ರ, ಕೆಳಗೆ ಸೆಲ್‌ನ ಗಾತ್ರ.

```
APF = n × (4/3)π r³ / a³
```

ಈಗ a ಜಾಗದಲ್ಲಿ ಮೂರನೇ ಹಂತದ ಉತ್ತರ ಇಡಿ. ಬಿಸಿಸಿಗೆ:

```
a³  = (4r/√3)³ = 64 r³ / (3√3) = 12.317 r³
APF = 2 × 4.1888 r³ / 12.317 r³ = 0.680
```

ಎಫ್‌ಸಿಸಿಗೆ:

```
a³  = (2√2 r)³ = 16√2 r³ = 22.627 r³
APF = 4 × 4.1888 r³ / 22.627 r³ = 0.740
```

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಒಂದು, ಘನ ಮಾಡುವಾಗ r ಅನ್ನು ಮಾತ್ರ ಘನ ಮಾಡಿ ಮುಂದಿನ ಅಂಕಿಯನ್ನು ಹಾಗೇ ಬಿಡುವುದು. (√3)³ ಅಂದರೆ 3√3, ಬರೀ 3 ಅಲ್ಲ. ಇನ್ನೊಂದು, n ಅನ್ನು ಮರೆಯುವುದು. ಆಗ ಬಿಸಿಸಿಗೆ 0.34, ಎಫ್‌ಸಿಸಿಗೆ 0.185 ಬರುತ್ತದೆ.

ಎರಡೂ ಕಡೆ r³ ಹೊಡೆದುಹೋಯಿತು, ಗಮನಿಸಿದಿರಾ? ಅಂದರೆ ಪರಮಾಣು ದೊಡ್ಡದಿರಲಿ ಚಿಕ್ಕದಿರಲಿ, ಬಿಸಿಸಿ ಲೋಹಕ್ಕೆ 0.68, ಎಫ್‌ಸಿಸಿ ಲೋಹಕ್ಕೆ 0.74. ನಿಮ್ಮ ಉತ್ತರದಲ್ಲಿ r ಅಥವಾ a ಉಳಿದುಕೊಂಡಿದ್ದರೆ ಎಲ್ಲೋ ಎಡವಿದ್ದೀರಿ. ಪ್ರಶ್ನೆಯಲ್ಲಿ ಅಂಕಿ ಕೊಟ್ಟಿದ್ದರೂ ನಾನು ಅಕ್ಷರದಲ್ಲೇ ಮಾಡಿ ಎನ್ನುತ್ತೇನೆ. ಹತ್ತರ ಘಾತಗಳ ತಾಪತ್ರಯವೇ ಇರುವುದಿಲ್ಲ.

ಪ್ಯಾಕಿಂಗ್ ಫ್ಯಾಕ್ಟರ್ ಜಾಸ್ತಿ ಇದ್ದರೆ ಸಾಂದ್ರತೆಯೂ ಜಾಸ್ತಿ ಎಂದು ಹಲವರು ಬರೆಯುತ್ತಾರೆ. ಹಾಗೇನಿಲ್ಲ. ಅಲ್ಯೂಮಿನಿಯಂ, ಚಿನ್ನ ಎರಡೂ ಎಫ್‌ಸಿಸಿ, ಎರಡಕ್ಕೂ 0.74. ತ್ರಿಜ್ಯ ಕೂಡ ಬಹುತೇಕ ಒಂದೇ, 0.143 ಮತ್ತು 0.144 ನ್ಯಾನೊಮೀಟರ್. ಆದರೂ ಒಂದರ ಸಾಂದ್ರತೆ 2.70, ಇನ್ನೊಂದರದು 19.3. ಡಬ್ಬಿ ಒಂದೇ, ಒಳಗಿನ ಗೋಲಿಯ ತೂಕ ಬೇರೆ.

## 5. ಸಾಂದ್ರತೆ: ಕಬ್ಬಿಣದ ಪೂರ್ತಿ ಲೆಕ್ಕ

ಸೆಲ್‌ನ ತೂಕವನ್ನು ಸೆಲ್‌ನ ಗಾತ್ರದಿಂದ ಭಾಗಿಸಬೇಕು, ಅಷ್ಟೇ.

```
ρ = n M / (N a³)
```

ಸೂತ್ರ ಒಂದೇ ಸಾಲಿನದು, ಆದರೆ ಕ್ಯಾಲ್ಕುಲೇಟರಿಗೆ ಒಂದೇ ಸಾಲಿನಲ್ಲಿ ಹೊಡೆಯಬೇಡಿ. ಮೇಲಿನದನ್ನು ಬೇರೆ, ಕೆಳಗಿನದನ್ನು ಬೇರೆ ಮಾಡಿ, ಹಾಳೆಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಭಾಗಿಸಿ. ಯಾಕೆ ಎಂದು ಈಗಲೇ ಗೊತ್ತಾಗುತ್ತದೆ.

ಕೋಣೆಯ ಉಷ್ಣತೆಯಲ್ಲಿ ಕಬ್ಬಿಣ ಬಿಸಿಸಿ. r = 0.124 ನ್ಯಾನೊಮೀಟರ್, M = 55.845 ಗ್ರಾಂ.

ಮೊದಲು ಸೆಲ್‌ನ ತೂಕ:

```
2 × 55.845 / (6.022 × 10²³) = 1.8547 × 10⁻²² g
```

ಇಲ್ಲಿ ಕ್ಯಾಲ್ಕುಲೇಟರ್ ಮೋಸ ಮಾಡುತ್ತದೆ. 111.69 ÷ 6.022 × 10^23 ಎಂದು ಆವರಣ ಇಲ್ಲದೆ, ಗುಣಾಕಾರದ ಗುಂಡಿ ಒತ್ತಿ ಹೊಡೆದರೆ, ಅದು ಮೊದಲು ಭಾಗಿಸಿ ಆಮೇಲೆ 10²³ರಿಂದ ಗುಣಿಸುತ್ತದೆ. ಉತ್ತರ 10²⁴ರ ಹತ್ತಿರ ಬರುತ್ತದೆ. ಅಷ್ಟು ಗ್ರಾಂ ಅಂದರೆ ಗುಡ್ಡಬೆಟ್ಟಗಳಿಗಿಂತ ಭಾರ, ಒಂದು ಯೂನಿಟ್ ಸೆಲ್ ಅಷ್ಟು ತೂಗುತ್ತದೆಯೇ? ಘಾತಕ್ಕೆಂದೇ ಇರುವ ಗುಂಡಿ ಬಳಸಿ, ಅಥವಾ ಕೆಳಗಿನದಕ್ಕೆ ಆವರಣ ಹಾಕಿ. ಲೋಹದ ಸೆಲ್‌ನ ತೂಕ ಹೆಚ್ಚುಕಡಿಮೆ 10⁻²² ಗ್ರಾಂ ಆಸುಪಾಸಿನಲ್ಲೇ ಇರಬೇಕು.

ಆಮೇಲೆ ಅಂಚು:

```
a = 2.3094 × 0.124 = 0.28637 nm
```

ಇದನ್ನು ಸೆಂಟಿಮೀಟರಿಗೆ ಇಳಿಸಿ. ಈ ಮೂರು ಸಾಲನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

```
1 nm = 10⁻⁷ cm
1 Å  = 10⁻⁸ cm
1 pm = 10⁻¹⁰ cm
```

ಮೊದಲು ಸೆಂಟಿಮೀಟರ್, ಆಮೇಲೆ ಘನ. ಈ ಕ್ರಮ ತಿರುಗಿಸಬೇಡಿ. ನ್ಯಾನೊಮೀಟರಿನಲ್ಲೇ ಘನ ಮಾಡಿ ಕೊನೆಯಲ್ಲಿ 10⁻⁷ ಒಮ್ಮೆ ಮಾತ್ರ ಅಂಟಿಸುವವರು ಜಾಸ್ತಿ. ಘನ ಮಾಡಿದ ಮೇಲೆ ಅದು 10⁻²¹ ಆಗಬೇಕು.

```
a  = 2.8637 × 10⁻⁸ cm
a³ = 23.485 × 10⁻²⁴ = 2.3485 × 10⁻²³ cm³
```

ಈಗ ಭಾಗಿಸಿ:

```
ρ = 1.8547 × 10⁻²² / (2.3485 × 10⁻²³) = 7.90 g/cm³
```

ಪುಸ್ತಕದ ಪಟ್ಟಿಯಲ್ಲಿ ಕಬ್ಬಿಣಕ್ಕೆ 7.87 ಇರುತ್ತದೆ. 0.03 ವ್ಯತ್ಯಾಸ ಕಂಡು ಗಾಬರಿ ಬೇಡ. r ಅನ್ನು ಮೂರೇ ಅಂಕಿಗೆ ಇಳಿಸಿ ಕೊಟ್ಟಿದ್ದರಿಂದ ಬಂದದ್ದು ಅದು. ಅಳೆದ ಅಂಚು a = 0.2866 ನ್ಯಾನೊಮೀಟರ್ ಇಟ್ಟು ಮಾಡಿದರೆ 7.88 ಸಿಗುತ್ತದೆ. ಉತ್ತರವನ್ನು ಪಟ್ಟಿಗೆ ಹೊಂದಿಸಲು ನಡುವಿನ ಅಂಕಿ ತಿದ್ದುವ ಕೆಲಸ ಮಾತ್ರ ಮಾಡಬೇಡಿ, ನೋಡುವವರಿಗೆ ಗೊತ್ತಾಗಿಬಿಡುತ್ತದೆ.

ಉತ್ತರ ಘನ ಮೀಟರಿಗೆ ಕಿಲೋಗ್ರಾಂನಲ್ಲಿ ಬೇಕೆಂದಿದ್ದರೆ ಕೊನೆಯಲ್ಲಿ 1000ದಿಂದ ಗುಣಿಸಿ: 7900. ಮೊದಲಿನಿಂದಲೇ ಮೀಟರಿನಲ್ಲಿ ಮಾಡಲು ಹೋಗಿ M ಅನ್ನು ಗ್ರಾಂನಲ್ಲೇ ಬಿಟ್ಟರೆ ಉತ್ತರ ಸಾವಿರ ಪಟ್ಟು ಉಬ್ಬುತ್ತದೆ.

## 6. ಅದೇ ದಾರಿಯಲ್ಲಿ ತಾಮ್ರ

ಈಗ ಹುಡುಗನ ಲೆಕ್ಕ ಸರಿಮಾಡೋಣ. ಎಫ್‌ಸಿಸಿ, n = 4, r = 0.128 ನ್ಯಾನೊಮೀಟರ್, M = 63.546 ಗ್ರಾಂ.

```
ತೂಕ = 4 × 63.546 / (6.022 × 10²³) = 4.2209 × 10⁻²² g
a   = 2.8284 × 0.128 = 0.36204 nm = 3.6204 × 10⁻⁸ cm
a³  = 4.7454 × 10⁻²³ cm³
ρ   = 8.89 g/cm³
```

ಪಟ್ಟಿಯ ಬೆಲೆ 8.96. ಹತ್ತಿರ ಬಂತು. 25.16ಕ್ಕೂ 8.89ಕ್ಕೂ ಇರುವ ಅನುಪಾತ 2.83. ಅದು 1.4142ರ ಘನ. a ಒಂದು √2ರಷ್ಟು ಚಿಕ್ಕದಾಗಿದ್ದಕ್ಕೆ ಸಾಂದ್ರತೆ ಮೂರು ಸಲ √2ರಷ್ಟು ಉಬ್ಬಿತು.

## 7. ಉತ್ತರ ನೋಡಿಯೇ ತಪ್ಪು ಹಿಡಿಯುವುದು

ತಪ್ಪು ಮಾಡಿದವರೆಲ್ಲರ ಉತ್ತರ ಬೇರೆ ಬೇರೆ ಇರುವುದಿಲ್ಲ. ಅದೇ ನಾಲ್ಕೈದು ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ಅಂಕಿ ನೋಡಿದರೆ ಸಾಕು, ಎಲ್ಲಿ ಎಡವಿದ್ದು ಅಂತ ಹೇಳಬಹುದು.

ಪ್ಯಾಕಿಂಗ್ ಫ್ಯಾಕ್ಟರ್ 1ಕ್ಕಿಂತ ಜಾಸ್ತಿ ಬಂದರೆ ಅಲ್ಲೇ ಪೆನ್ ಕೆಳಗಿಡಿ. ಡಬ್ಬಿಗಿಂತ ಜಾಸ್ತಿ ಸಾಮಾನು ಡಬ್ಬಿಯೊಳಗೆ ಹಿಡಿಯುವುದಿಲ್ಲ. ಬಿಸಿಸಿಗೆ 1.05 ಬಂದಿದ್ದರೆ a = 2r ಹಾಕಿದ್ದೀರಿ. ಎಫ್‌ಸಿಸಿಗೆ ಅದೇ ತಪ್ಪು ಮಾಡಿದರೆ 2.09. ಎಫ್‌ಸಿಸಿಗೆ 1.36 ಬಂದಿದ್ದರೆ ಬಿಸಿಸಿಯ √3 ಹಾಕಿದ್ದೀರಿ. 3.06 ಅಥವಾ 2.59 ಬಂದಿದ್ದರೆ ಮುದ್ದೆ ಕತ್ತರಿಸದೆ ಚುಕ್ಕೆಗಳನ್ನೇ ಎಣಿಸಿದ್ದೀರಿ.

1ಕ್ಕಿಂತ ಕಡಿಮೆ ಬಂದೂ ತಪ್ಪಾಗುವುದು ಇನ್ನೂ ಅಪಾಯದ್ದು, ಯಾಕೆಂದರೆ ಅನುಮಾನವೇ ಬರುವುದಿಲ್ಲ. ಬಿಸಿಸಿಗೆ 0.37 ಬಂದಿದ್ದರೆ ಎಫ್‌ಸಿಸಿಯ √2 ಅಲ್ಲಿಗೆ ನುಗ್ಗಿದೆ. ನಿಮ್ಮ ಉತ್ತರ 0.52ಕ್ಕಿಂತ ಕಡಿಮೆ ಇದ್ದರೆ ಹಿಂದೆ ಹೋಗಿ ನೋಡಿ. ಮೂಲೆಗಳಲ್ಲಿ ಮಾತ್ರ ಪರಮಾಣು ಇರುವ ಸಾದಾ ಘನಕ್ಕೇ 0.52 ಬರುತ್ತದೆ. ಬಿಸಿಸಿ ಅದಕ್ಕಿಂತ ಸಡಿಲವಾಗಿರುವುದಿಲ್ಲ.

ಸಾಂದ್ರತೆಯ ಕಡೆ ಬಂದರೆ, ಕಬ್ಬಿಣಕ್ಕೆ 12.16 ಎಂದರೆ ಮತ್ತದೇ a = 2r. 4.30 ಎಂದರೆ √2. ನಿಜವಾದ ಬೆಲೆಯ ಸರಿಯಾಗಿ ಅರ್ಧ ಅಥವಾ ಎರಡು ಪಟ್ಟು ಬಂದರೆ n ತಪ್ಪು. ಎಂಟು ಪಟ್ಟು ಕಡಿಮೆ ಬಂದರೆ ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದ್ದೀರಿ. ಅಂಕಿಗಳೆಲ್ಲ ಸರಿ ಇದ್ದು ಹತ್ತರ ಘಾತ ಮಾತ್ರ ವಿಚಿತ್ರವಾಗಿದ್ದರೆ ರಚನೆಯನ್ನು ಮುಟ್ಟಬೇಡಿ, ಸೆಂಟಿಮೀಟರಿಗೆ ಬದಲಾಯಿಸಿದ ಸಾಲನ್ನು ಮಾತ್ರ ನೋಡಿ.

## 8. ಕಬ್ಬಿಣ ಬಿಸಿಸಿಯಿಂದ ಎಫ್‌ಸಿಸಿಗೆ ಬದಲಾದಾಗ

ಎರಡೂ ರಚನೆಗಳನ್ನು ಒಂದೇ ಪ್ರಶ್ನೆಯಲ್ಲಿ ಕೇಳುವುದು ಇಲ್ಲಿ. ಕಬ್ಬಿಣವನ್ನು ಕಾಯಿಸಿದರೆ 912 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಬಿಸಿಸಿಯಿಂದ ಎಫ್‌ಸಿಸಿಗೆ ಬದಲಾಗುತ್ತದೆ. ಆಗ ಗಾತ್ರ ಶೇಕಡಾ ಎಷ್ಟು ಬದಲಾಗುತ್ತದೆ ಎಂಬುದು ಪ್ರಶ್ನೆ. ಸಾಮಾನ್ಯವಾಗಿ ಬಿಸಿಸಿಯಲ್ಲಿ r = 1.258 ಆಂಗ್‌ಸ್ಟ್ರಾಮ್, ಎಫ್‌ಸಿಸಿಯಲ್ಲಿ r = 1.292 ಆಂಗ್‌ಸ್ಟ್ರಾಮ್ ಎಂದು ಎರಡು ತ್ರಿಜ್ಯ ಕೊಟ್ಟಿರುತ್ತಾರೆ.

"ಒಂದೇ ಕಬ್ಬಿಣ, ಎರಡು ತ್ರಿಜ್ಯ ಹೇಗೆ ಸರ್, ಮುದ್ರಣದೋಷ ಅಲ್ವಾ?" ಎಂದು ಹೊಳೆನರಸೀಪುರದ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಪರಮಾಣು ನಿಜಕ್ಕೂ ಗಟ್ಟಿ ಗೋಲಿ ಅಲ್ಲ. ಬಿಸಿಸಿಯಲ್ಲಿ ಒಂದು ಪರಮಾಣುವನ್ನು 8 ನೆರೆಯವರು ಮುಟ್ಟಿಕೊಂಡಿರುತ್ತಾರೆ, ಎಫ್‌ಸಿಸಿಯಲ್ಲಿ 12 ಜನ. ನೆರೆಯವರು ಹೆಚ್ಚಾದಾಗ ಪ್ರತಿಯೊಬ್ಬರೂ ಸ್ವಲ್ಪ ದೂರ ನಿಲ್ಲುತ್ತಾರೆ, ಹಾಗಾಗಿ r ಸ್ವಲ್ಪ ಹಿಗ್ಗಿದ ಹಾಗೆ ಕಾಣುತ್ತದೆ. ಕೊಟ್ಟ ಎರಡನ್ನೂ ಅದರದರ ಜಾಗದಲ್ಲೇ ಬಳಸಿ.

```
BCC : a = 2.3094 × 1.258 = 2.9052 Å   a³ = 24.52 Å³
FCC : a = 2.8284 × 1.292 = 3.6543 Å   a³ = 48.80 Å³
```

ಇಲ್ಲಿಗೆ ಬಂದು ಕೆಲವರು '24.52ರಿಂದ 48.80ಕ್ಕೆ ಏರಿತು, ಗಾತ್ರ ಶೇಕಡಾ 99 ಹೆಚ್ಚಾಯಿತು' ಎಂದು ಬರೆಯುತ್ತಾರೆ. ಕುಲುಮೆಯಲ್ಲಿಟ್ಟ ಸರಳು ಹಾಗೆ ಎರಡು ಪಟ್ಟು ಉಬ್ಬಿದರೆ ಕಮ್ಮಾರನ ಗತಿ ಏನು? ಮೊದಲ ಡಬ್ಬಿಯಲ್ಲಿ ಎರಡು ಪರಮಾಣು, ಎರಡನೆಯದರಲ್ಲಿ ನಾಲ್ಕು. ಸೆಲ್ ಸೆಲ್ ಹೋಲಿಸುವಂತಿಲ್ಲ. ಒಂದೊಂದು ಪರಮಾಣುವಿಗೆ ಎಷ್ಟು ಜಾಗ ಎಂದು n ನಿಂದ ಭಾಗಿಸಿ ಆಮೇಲೆ ಹೋಲಿಸಿ.

```
BCC : 24.521 / 2 = 12.261 Å³
FCC : 48.800 / 4 = 12.200 Å³
ಬದಲಾವಣೆ = (12.200 − 12.261) / 12.261 × 100 ≈ −0.5 %
```

ಗಾತ್ರ ಸುಮಾರು ಶೇಕಡಾ 0.5ರಷ್ಟು ಕುಗ್ಗಿತು. ಕಳೆಯುವ ಎರಡು ಅಂಕಿಗಳು ಇಷ್ಟು ಹತ್ತಿರ ಇರುವುದರಿಂದ ಮೂರು ದಶಮಾಂಶಕ್ಕಿಂತ ಮೊದಲೇ ಇಳಿಸಬೇಡಿ. 12.3 ಮತ್ತು 12.2 ಎಂದು ಇಳಿಸಿಬಿಟ್ಟರೆ ಉತ್ತರ −0.8 ಆಗುತ್ತದೆ.

ಎರಡು ತ್ರಿಜ್ಯ ನಂಬದೆ ಎರಡೂ ಕಡೆ 1.258 ಹಾಕಿದ್ದರೆ? ಆಗ 0.680 ಮತ್ತು 0.740ರ ವ್ಯತ್ಯಾಸ ಪೂರ್ತಿಯಾಗಿ ಗಾತ್ರಕ್ಕೆ ಬಂದು ಕೂರುತ್ತದೆ, ಶೇಕಡಾ 8.1ರಷ್ಟು ಕುಗ್ಗಿತು ಎಂಬ ಉತ್ತರ ಸಿಗುತ್ತದೆ. ನಿಮ್ಮ ಹಾಳೆಯಲ್ಲಿ 8.1 ಕಂಡರೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ, ಎರಡನೇ ತ್ರಿಜ್ಯ ಅಲ್ಲೇ ಎಲ್ಲೋ ಇರುತ್ತದೆ.